ಎರಡು ಸೆಕೆಂಡಿಗೆ ಎಷ್ಟು ಕನ್ನಡ?

ಇಂಗ್ಲಿಷ್ ಧಾರಾವಾಹಿಯೊಂದರಲ್ಲಿ ಇಂಥದೊಂದು ಸನ್ನಿವೇಶ ಬರುತ್ತದೆ ಎಂದುಕೊಳ್ಳಿ. ವಕೀಲೆಯೊಬ್ಬಳು ತನ್ನ ಹಿರಿಯ ಪಾಲುದಾರನ ಕೋಣೆಗೆ ಬಂದು ಕಡತವನ್ನು ಮೇಜಿನ ಮೇಲೆ ಎಸೆದು, ಒಂದೇ ಉಸಿರಿನಲ್ಲಿ ಒಂದು ಮಾತು ಕೇಳುತ್ತಾಳೆ. ಮಾತು ಮುಗಿಯಲು ಎರಡು ಸೆಕೆಂಡು, ಜೊತೆಗೆ ಸ್ವಲ್ಪ. ಸಬ್‌ಟೈಟಲ್ ಕಡತದಲ್ಲಿ ಅದು ಹೀಗೆ ಕಾಣುತ್ತದೆ:

```
112
00:14:07,400 --> 00:14:09,500
Did you really think I wouldn't find out?
```

ಮೇಲಿನದು ಕ್ರಮಸಂಖ್ಯೆ. ನಡುವಿನದು ಬರಹ ತೆರೆಗೆ ಬರುವ ಮತ್ತು ತೆರೆಯಿಂದ ಹೋಗುವ ಹೊತ್ತು. ಒಟ್ಟು 2.1 ಸೆಕೆಂಡು. ಇಂಗ್ಲಿಷ್ ಸಾಲಿನಲ್ಲಿ ಖಾಲಿ ಜಾಗಗಳೂ ಸೇರಿ 41 ಅಕ್ಷರಗಳಿವೆ, ಅಂದರೆ ಸೆಕೆಂಡಿಗೆ ಸುಮಾರು ಹತ್ತೊಂಬತ್ತೂವರೆ. ಓದುಗನ ಕಣ್ಣಿಗೆ ಇದು ವೇಗವೇ, ಆದರೆ ನಿಯಮದ ಒಳಗಿದೆ. ಈಗ ಇದನ್ನು ಒಂದು ಪದವೂ ಬಿಟ್ಟುಹೋಗದಂತೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

```
ನನಗೆ ಗೊತ್ತಾಗೋದೇ ಇಲ್ಲ ಅಂತ ನೀವು
ನಿಜವಾಗಿಯೂ ಅಂದುಕೊಂಡಿದ್ದಿರಾ?
```

ತಂತ್ರಾಂಶ ಇದನ್ನು 56 ಎಂದು ಎಣಿಸುತ್ತದೆ. ಸೆಕೆಂಡಿಗೆ ಇಪ್ಪತ್ತಾರೂವರೆ ದಾಟಿತು. ಒಂದು ಸಾಲು ಎರಡಾಯಿತು. ಸಬ್‌ಟೈಟಲ್ ತಯಾರಿಸುವವರ ಪರದೆಯಲ್ಲಿ ಅಂಕಿ ಕೆಂಪಾಗುತ್ತದೆ. ಅನುವಾದದಲ್ಲಿ ತಪ್ಪೇನೂ ಇಲ್ಲ. ಆದರೂ ನೋಡುಗರು ಅದನ್ನು ಓದಿ ಮುಗಿಸುವ ಮೊದಲೇ ಸಾಲು ಮಾಯವಾಗುತ್ತದೆ.

ಈ ವೇಗದ ಮಿತಿ ಬಂದದ್ದು ಯುರೋಪಿನ ಟಿವಿಯಿಂದ. ಅಲ್ಲಿನ ಕೇಂದ್ರಗಳು ಬಹುಕಾಲ ‘ಆರು ಸೆಕೆಂಡಿನ ನಿಯಮ’ವನ್ನು ನಂಬಿಕೊಂಡು ಬಂದವು. ತುಂಬಿದ ಎರಡು ಸಾಲು, ಸಾಲಿಗೆ ಸುಮಾರು 36 ಅಕ್ಷರ, ಅದು ತೆರೆಯ ಮೇಲೆ ಆರು ಸೆಕೆಂಡು ನಿಲ್ಲಬೇಕು. ಲೆಕ್ಕ ಹಾಕಿದರೆ ಸೆಕೆಂಡಿಗೆ 12 ಅಕ್ಷರ. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಗೆರಿ ದಿಡೆವಾಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ನೋಡುಗರ ಕಣ್ಣಿನ ಚಲನೆಯನ್ನು ಅಳೆದು ಸಬ್‌ಟೈಟಲ್ ಓದುವ ಬಗೆಯನ್ನು ಅಧ್ಯಯನ ಮಾಡಿದರು. ಅವರಿಗೆ ಕಂಡ ಮುಖ್ಯ ಸಂಗತಿ ಎಂದರೆ, ತೆರೆಯ ಕೆಳಗೆ ಬರಹ ಬಂತೆಂದರೆ ಕಣ್ಣು ತಾನಾಗಿ ಅತ್ತ ಹೋಗುತ್ತದೆ. ಮಾತಿನ ಭಾಷೆ ಗೊತ್ತಿದ್ದವರೂ ಓದದೆ ಇರುವುದಿಲ್ಲ.

ಅನಂತರ ವೇಗ ಏರುತ್ತಲೇ ಹೋಯಿತು. ನೆಟ್‌ಫ್ಲಿಕ್ಸ್‌ನ ಶೈಲಿ ಕೈಪಿಡಿ ದೊಡ್ಡವರ ಇಂಗ್ಲಿಷ್ ಸಬ್‌ಟೈಟಲ್ಲಿಗೆ ಸೆಕೆಂಡಿಗೆ 20 ಅಕ್ಷರದವರೆಗೆ ಒಪ್ಪುತ್ತದೆ, ಮಕ್ಕಳಿಗೆ 17. ಸಾಲಿಗೆ ಗರಿಷ್ಠ 42 ಅಕ್ಷರ, ಎರಡೇ ಸಾಲು. ಅತಿ ಚಿಕ್ಕ ಮಾತೂ ಒಂದು ಸೆಕೆಂಡಿನ ಆರರಲ್ಲಿ ಐದು ಭಾಗದಷ್ಟಾದರೂ ನಿಲ್ಲಬೇಕು, ಎಷ್ಟೇ ಉದ್ದವಿದ್ದರೂ ಏಳು ಸೆಕೆಂಡು ದಾಟಬಾರದು. ಟೆಡ್ ಭಾಷಣಗಳಿಗೆ ಸ್ವಯಂಸೇವಕರು ಕನ್ನಡದಲ್ಲೂ ಸಬ್‌ಟೈಟಲ್ ಬರೆಯುತ್ತಾರೆ. ಅಲ್ಲಿನ ಮಿತಿ ಸಾಲಿಗೆ 42, ಸೆಕೆಂಡಿಗೆ 21.

ಇಷ್ಟು ವೇಗ ಸರಿಯೇ? 2018ರಲ್ಲಿ ಅಗ್ನಿಯೆಷ್ಕಾ ಷಾರ್ಕೊವ್‌ಸ್ಕಾ ಮತ್ತು ಒಲಿವಿಯಾ ಗೆರ್ಬೆರ್-ಮೊರೊನ್ ಇಂಗ್ಲಿಷ್, ಪೋಲಿಷ್, ಸ್ಪ್ಯಾನಿಷ್ ಮಾತಾಡುವವರ ಮೇಲೆ 12, 16, 20ರ ವೇಗಗಳನ್ನು ಪರೀಕ್ಷಿಸಿದರು. ವೇಗದ ಸಬ್‌ಟೈಟಲನ್ನೂ ಜನ ಓದಬಲ್ಲರು ಎಂದು ಅವರಿಗೆ ಕಂಡಿತು. ನಾಲ್ಕು ವರ್ಷದ ಬಳಿಕ ಯಾನ್-ಲೂಯಿಸ್ ಕ್ರೂಗರ್ ಮತ್ತು ಸಂಗಡಿಗರು 12, 20, 28ರ ವೇಗಗಳನ್ನು ಹೋಲಿಸಿದಾಗ ಇನ್ನೊಂದು ಮುಖ ಕಂಡಿತು. ವೇಗ ಏರಿದಂತೆ ಓದುಗರು ಪದಗಳನ್ನು ಹಾರಿಸುತ್ತಾರೆ, ತಿರುಗಿ ನೋಡಿ ಖಚಿತಪಡಿಸಿಕೊಳ್ಳುವುದನ್ನು ಬಿಡುತ್ತಾರೆ.

ಈ ಎಲ್ಲ ಪ್ರಯೋಗಗಳೂ ರೋಮನ್ ಲಿಪಿಯ ಬರಹದ ಮೇಲೆ ನಡೆದವು. ಒಂದರ ಪಕ್ಕ ಒಂದು ಬಿಡಿ ಅಕ್ಷರ ನಿಲ್ಲುವ ಲಿಪಿ ಅದು. ಕನ್ನಡದ ತೊಡಕು ಶುರುವಾಗುವುದೇ ಇಲ್ಲಿ.

ಕನ್ನಡ ಓದುಗ ‘ಸ್ತ್ರೀ’ ಎಂಬುದನ್ನು ಒಂದು ಅಕ್ಷರವಾಗಿ ಕಾಣುತ್ತಾನೆ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಚಿಹ್ನೆ: ಸ, ಅದರ ಹಲಂತ, ತ, ಇನ್ನೊಂದು ಹಲಂತ, ರ, ಕೊನೆಗೆ ದೀರ್ಘದ ಗುರುತು. ಒತ್ತಕ್ಷರ ಮೂಡಬೇಕಾದರೆ ನಡುವೆ ಹಲಂತ ಇರಲೇಬೇಕು. ತೆರೆಯ ಮೇಲೆ ಅದು ಕಾಣುವುದಿಲ್ಲ, ಆದರೆ ಎಣಿಕೆಯಲ್ಲಿ ಒಂದು ಸ್ಥಾನ ತಿನ್ನುತ್ತದೆ. ಇಂಗ್ಲಿಷಿನಿಂದ ಬಂದ ‘ಸ್ಟ್ರಾಂಗ್’ ಎಂಬ ಮಾತನ್ನು ನೋಡಿ. ಇಂಗ್ಲಿಷಿನಲ್ಲಿ ಆರು ಅಕ್ಷರ. ಕನ್ನಡದಲ್ಲಿ ಕಣ್ಣಿಗೆ ಎರಡು, ಯಂತ್ರಕ್ಕೆ ಒಂಬತ್ತು. ‘ಸಬ್‌ಟೈಟಲ್’ ಎಂದು ಬರೆಯುವಾಗ ಬ್ ಮತ್ತು ಟೈ ಒಂದರ ಕೆಳಗೊಂದು ಒತ್ತಾಗದಿರಲಿ ಎಂದು ನಡುವೆ ಹಾಕುವ, ಯಾರಿಗೂ ಕಾಣದ ಬಿಡಿಸುವ ಗುರುತು ಕೂಡ ಒಂದು ಚಿಹ್ನೆಯೇ.

ಹಾಗಾದರೆ ವಕೀಲೆಯ ಮಾತಿನ 56 ಎಷ್ಟು ನಿಜ? ಅದೇ ಸಾಲನ್ನು ಅಕ್ಷರಗಳಾಗಿ, ಅಂದರೆ ಶಾಲೆಯಲ್ಲಿ ಕಲಿತ ಹಾಗೆ ಎಣಿಸಿದರೆ 24 ಬರುತ್ತದೆ. ಖಾಲಿ ಜಾಗ, ಪ್ರಶ್ನೆಚಿಹ್ನೆ ಸೇರಿಸಿದರೆ 31. ಇಂಗ್ಲಿಷಿನ 41ಕ್ಕಿಂತ ಕಡಿಮೆ! ಒಂದು ಲೆಕ್ಕದಲ್ಲಿ ಕನ್ನಡ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಉದ್ದ, ಇನ್ನೊಂದರಲ್ಲಿ ಕಾಲುಭಾಗದಷ್ಟು ಚಿಕ್ಕದು.

ಎರಡೂ ಪೂರ್ತಿ ಸತ್ಯವಲ್ಲ. ಒಂದು ಅಕ್ಷರವನ್ನು ಒಂದೇ ನೋಟಕ್ಕೆ ಗುರುತಿಸಿದರೂ ‘ದ್ದಿ’ಯನ್ನು ಓದುವ ಶ್ರಮ ‘ದ’ ಓದುವ ಶ್ರಮಕ್ಕಿಂತ ಹೆಚ್ಚು. ಅದರೊಳಗೆ ವ್ಯಂಜನ, ಒತ್ತು, ಸ್ವರ ಮೂರೂ ಇವೆ. ಹಾಗೆಂದು ‘ದ್ದಿ’ ಓದುವುದು ಇಂಗ್ಲಿಷಿನ ನಾಲ್ಕು ಅಕ್ಷರ ಓದಿದಷ್ಟು ಕಷ್ಟವೂ ಅಲ್ಲ. ಕನ್ನಡದ ನಿಜವಾದ ಓದಿನ ಭಾರ ಈ ಎರಡು ಎಣಿಕೆಗಳ ನಡುವೆ ಎಲ್ಲೋ ಇದೆ. ಅದಕ್ಕೇ ಸಬ್‌ಟೈಟಲ್ ಬರೆಯುವವರು ಕೆಂಪು ಅಂಕಿಗೆ ಗೌರವ ಕೊಡಬೇಕು, ಆದರೆ ಅದನ್ನೇ ಕೊನೆಯ ಮಾತೆಂದು ಒಪ್ಪಬಾರದು. ಹಲಂತ, ಕಾಗುಣಿತಗಳು ಕಿಕ್ಕಿರಿದ ಸಾಲು ಕೆಂಪಾದರೂ ಓದಿಸಿಕೊಂಡೀತು. ಅಪರಿಚಿತ ಪದಗಳಿರುವ ಸಾಲು ಅಂಕಿ ಹಸಿರಿದ್ದರೂ ಕಣ್ಣನ್ನು ತಡೆದೀತು.

ಎಣಿಕೆ ಹೇಗೇ ಇರಲಿ, ಎರಡು ಸಾಲಾದಾಗ ಕನ್ನಡ ನಿಜಕ್ಕೂ ಜಾಗ ತಿನ್ನುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೆ ಏಳುತ್ತವೆ. ಇಂಗ್ಲಿಷಿಗೆ ಹೊಂದಿಸಿದ ಸಾಲುಗಳ ಅಂತರದಲ್ಲಿ ಇವು ಒಂದಕ್ಕೊಂದು ತಾಗುತ್ತವೆ. ಅಂತರ ಹೆಚ್ಚಿಸಿದರೆ ಬರಹ ನಟರ ಗಲ್ಲದವರೆಗೆ ಏರುತ್ತದೆ. ಅಕ್ಷರದ ಗಾತ್ರ ತಗ್ಗಿಸಿದರೆ ಫೋನಿನಲ್ಲಿ ಒತ್ತು ಯಾವುದೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸುವುದು ಇಂಗ್ಲಿಷಿಗಿಂತ ಹೆಚ್ಚು ಮುಖ್ಯ.

ವಕೀಲೆಯ ಮಾತನ್ನು ಮುಗಿಸುವುದು ಹೇಗೆ? ಮೊದಲ ದಾರಿ ಹೊತ್ತನ್ನು ಎಳೆಯುವುದು. ಸೆಕೆಂಡಿಗೆ 20ರ ಲೆಕ್ಕದಲ್ಲಿ 56 ಚಿಹ್ನೆಗೆ 2.8 ಸೆಕೆಂಡು ಬೇಕು, ಇರುವುದು 2.1. ಮಾತು ಮುಗಿದ ಮೇಲೂ ಬರಹವನ್ನು ಅರ್ಧ ಸೆಕೆಂಡಿನಷ್ಟು ಉಳಿಸಿಕೊಳ್ಳುವುದು ವಾಡಿಕೆ, ಮುಂದಿನ ಮಾತು ಅಷ್ಟರಲ್ಲಿ ಬಾರದಿದ್ದರೆ. ಆದರೆ ಜಗಳದ ಸನ್ನಿವೇಶದಲ್ಲಿ ಎದುರಿನವನು ಸುಮ್ಮನಿರುವುದಿಲ್ಲ. ಅವನ ಉತ್ತರ 0.4 ಸೆಕೆಂಡಿಗೇ ಬಂದರೆ ಕೈಗೆ ಸಿಗುವುದು ಅದಕ್ಕಿಂತಲೂ ಕಡಿಮೆ, ಏಕೆಂದರೆ ಎರಡು ಸಬ್‌ಟೈಟಲುಗಳ ನಡುವೆ ಕನಿಷ್ಠ ಎರಡು ಫ್ರೇಮಿನ ಬಿಡುವು ಇರಬೇಕು. ಬಿಡುವಿಲ್ಲದಿದ್ದರೆ ಬರಹ ಬದಲಾದದ್ದು ಕಣ್ಣಿಗೆ ತಿಳಿಯುವುದಿಲ್ಲ. ದೃಶ್ಯ ಕತ್ತರಿಸಿ ಇನ್ನೊಂದು ಮುಖಕ್ಕೆ ಹಾರಿದ ಮೇಲೂ ಹಳೆಯ ಸಾಲು ತುಸುವೇ ಉಳಿದರೆ, ಅದು ಹೊಸದೆಂದು ಭ್ರಮಿಸಿ ಕಣ್ಣು ಮತ್ತೆ ಮೊದಲಿನಿಂದ ಓದುತ್ತದೆ ಎಂಬ ಎಚ್ಚರಿಕೆಯೂ ಈ ಕೆಲಸದವರಲ್ಲಿ ಇದೆ.

ಎರಡನೆಯ ದಾರಿ ಮಾತನ್ನು ಬಿಗಿ ಮಾಡುವುದು. ಕನ್ನಡಕ್ಕೆ ಇಲ್ಲಿ ಇಂಗ್ಲಿಷಿಗಿಲ್ಲದ ಅನುಕೂಲಗಳಿವೆ. ಕ್ರಿಯಾಪದದ ಕೊನೆಯಲ್ಲೇ ಯಾರು ಎಂಬುದು ಇರುವುದರಿಂದ ‘ನೀವು’ ಬೇಕಿಲ್ಲ. ‘ಅಂತ ಅಂದುಕೊಂಡಿದ್ದಿರಾ’ ಎಂಬಲ್ಲಿ ‘ಅಂತ’ ಬೇಕಿಲ್ಲ. ‘ನಿಜವಾಗಿಯೂ’ ಎಂಬ ಒತ್ತನ್ನು ‘ಗೊತ್ತಾಗೋದೇ’ ಎಂಬಲ್ಲಿನ ಏಕಾರ ಆಗಲೇ ಹೊತ್ತಿದೆ. ಎರಡೂ ಇದ್ದರೆ ಕನ್ನಡದ ಕಿವಿಗೆ ಮಾತು ಭಾರವಾಗುತ್ತದೆ. ಆಡುಮಾತಿನ ರೂಪ ಹಿಡಿದರೆ ಉಳಿಯುವುದು ಇಷ್ಟು:

```
112
00:14:07,400 --> 00:14:09,500
ನನಗೆ ಗೊತ್ತಾಗೋದೇ ಇಲ್ಲ ಅಂದ್ಕೊಂಡಿದ್ರಾ?
```

ಇದು 35 ಚಿಹ್ನೆ, ಸೆಕೆಂಡಿಗೆ ಹದಿನೇಳರ ಒಳಗೆ. ಒಂದೇ ಸಾಲು. ಹೊತ್ತನ್ನು ಮುಟ್ಟಲಿಲ್ಲ. ಅವಳ ಸಿಟ್ಟು ಉಳಿಯಿತು, ಹಿರಿಯನಿಗೆ ತೋರುವ ಬಹುವಚನವೂ ಉಳಿಯಿತು. ಇನ್ನೂ ಕತ್ತರಿಸಿ ‘ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ರಾ?’ ಎಂದರೆ 30ಕ್ಕೆ ಇಳಿಯುತ್ತದೆ, ಆದರೆ ಆ ಏಕಾರದ ಕಿಡಿ ಹೋಗುತ್ತದೆ. ಅಂಕಿ ಒಪ್ಪಿದ ಮೇಲೂ ಕತ್ತರಿಸುತ್ತಾ ಹೋಗುವುದು ಒಳ್ಳೆಯ ಸಬ್‌ಟೈಟಲ್ ಅಲ್ಲ.

ಕನ್ನಡ ಯಾವಾಗಲೂ ಉದ್ದ ಎಂಬ ಮಾತನ್ನೂ ಇದು ಸಡಿಲ ಮಾಡುತ್ತದೆ. ‘ನೀನು ನಿನ್ನೆಯೇ ನನಗೆ ಹೇಳಿದ್ದರೆ ನಾನು ಮನೆಯನ್ನು ಮಾರಿಬಿಡುತ್ತಿದ್ದೆ’ ಎಂಬರ್ಥದ ಮಾತಿಗೆ ಇಂಗ್ಲಿಷ್ ಸಹಾಯಕ ಕ್ರಿಯಾಪದಗಳ ಸಾಲನ್ನೇ ನಿಲ್ಲಿಸಬೇಕು. ಕನ್ನಡದಲ್ಲಿ ‘ನಿನ್ನೆಯೇ ಹೇಳಿದ್ದರೆ ಮನೆ ಮಾರಿಬಿಡ್ತಿದ್ದೆ’ ಎಂದರೆ ಸಾಕು. ದೈನಂದಿನ ಜಗಳ, ಪ್ರೀತಿ, ಬೇಡಿಕೆಗಳ ಮಾತಿನಲ್ಲಿ ಕನ್ನಡ ಹೆಚ್ಚಿನ ಬಾರಿ ಗೆಲ್ಲುತ್ತದೆ. ಸೋಲುವುದು ಕೋರ್ಟು, ಆಸ್ಪತ್ರೆ, ಪೊಲೀಸ್ ಠಾಣೆಗಳ ಕಥೆಯಲ್ಲಿ. ಇಂಗ್ಲಿಷ್ ಎರಡು ನಾಮಪದಗಳನ್ನು ಪಕ್ಕಪಕ್ಕ ಇಟ್ಟು ಹನ್ನೆರಡು ಅಕ್ಷರದಲ್ಲಿ ಹೇಳುವುದನ್ನು ‘ಜಾಮೀನು ಅರ್ಜಿಯ ವಿಚಾರಣೆ’ ಎಂದು 21 ಚಿಹ್ನೆಗಳಲ್ಲಿ ಹೇಳಬೇಕಾಗುತ್ತದೆ. ಆಗ ‘ಬೇಲ್’ ಎಂದು ಬರೆಯುವುದಕ್ಕೆ ಹಿಂಜರಿಯಬೇಕಿಲ್ಲ. ಕೋರ್ಟಿನ ಆವರಣದಲ್ಲಿ ನಿಂತವರು ಆಡುವುದೂ ಅದನ್ನೇ. ಗ್ರಂಥಸ್ಥ ರೂಪದ ಮೋಹವೂ ದುಬಾರಿ. ‘ಮಾಡುತ್ತಿದ್ದೇನೆ’ 14 ಚಿಹ್ನೆ, ‘ಮಾಡ್ತಿದ್ದೀನಿ’ 12. ಒಂದು ಪದದಲ್ಲಿ ಎರಡೇ ಉಳಿತಾಯ, ಆದರೆ ವಾಕ್ಯದಲ್ಲಿ ಅಂಥ ಮೂರು ಪದವಿದ್ದರೆ ಸೆಕೆಂಡಿನ ಮೂರರಲ್ಲೊಂದು ಪಾಲಿನಷ್ಟು ಹೊತ್ತು ಸಿಗುತ್ತದೆ.

ಉದ್ದಕ್ಕಿಂತ ಬಿಡಿಸಲು ಕಷ್ಟವಾದ ಗಂಟು ಪದಗಳ ಕ್ರಮದ್ದು. ಇಂಗ್ಲಿಷ್ ಮುಖ್ಯ ಸಂಗತಿಯನ್ನು ಮೊದಲು ಹೇಳಿ ಷರತ್ತನ್ನು ಆಮೇಲೆ ಹೇಳಬಲ್ಲದು. ಕನ್ನಡ ಸಾಮಾನ್ಯವಾಗಿ ಷರತ್ತಿನಿಂದ ಶುರುಮಾಡಿ ಕ್ರಿಯೆಯಲ್ಲಿ ಮುಗಿಯುತ್ತದೆ. ಮಾತು ಎರಡು ಸಬ್‌ಟೈಟಲುಗಳಾಗಿ ಒಡೆದಾಗ ಇದು ಕಾಡುತ್ತದೆ:

```
I'm leaving tomorrow,
```

```
unless you ask me to stay.
```

ಇವೆರಡರ ನಡುವೆ ನಟಿ ಒಂದು ಕ್ಷಣ ಸುಮ್ಮನಾಗಿ ಅವನ ಮುಖ ನೋಡುತ್ತಾಳೆ ಎಂದಿಟ್ಟುಕೊಳ್ಳಿ. ‘ನೀವು ಇರು ಅನ್ನದಿದ್ದರೆ’ ಎಂದು ಮೊದಲು ಹಾಕಿ ‘ನಾಳೆ ಹೊರಡ್ತೀನಿ’ ಎಂದು ಆಮೇಲೆ ಹಾಕಿದರೆ ವ್ಯಾಕರಣ ಸರಿ, ದೃಶ್ಯ ಹಾಳು. ಅವಳು ಇನ್ನೂ ಬಾಯಿಬಿಡದ ಕೋರಿಕೆಯನ್ನು ನೋಡುಗರು ಆಗಲೇ ಓದಿರುತ್ತಾರೆ. ಹಾಗಾಗಿ ಅನುಭವಿಗಳು ವಾಕ್ಯವನ್ನೇ ಎರಡು ಮಾಡುತ್ತಾರೆ. ಮೊದಲಿಗೆ ‘ನಾಳೆ ಹೊರಡ್ತೀನಿ.’ ಎರಡನೆಯದಕ್ಕೆ ‘ನೀವು ಇರು ಅಂದ್ರೆ ಇರ್ತೀನಿ.’ ಎರಡನೆಯದು 24 ಚಿಹ್ನೆ, ಇಂಗ್ಲಿಷಿನದು 26 ಅಕ್ಷರ. ಮೌನ ತನ್ನ ಜಾಗದಲ್ಲೇ ಉಳಿಯಿತು. ಉದ್ದದ ಸಮಸ್ಯೆ ಎಂದು ಕಾಣುವ ಎಷ್ಟೋ ಕಡೆ ನಿಜವಾದ ತಪ್ಪು ಇಂಗ್ಲಿಷ್ ವಾಕ್ಯದ ಕಟ್ಟನ್ನು ಹಾಗೇ ಇಟ್ಟುಕೊಳ್ಳುವುದು.

ಸಾಲು ಮುರಿಯುವುದರಲ್ಲೂ ಇಂಥದೇ ವಿವೇಕ ಬೇಕು. ಎರಡು ಸಾಲು ಅನಿವಾರ್ಯವಾದಾಗ ತಂತ್ರಾಂಶಕ್ಕೆ ಬಿಟ್ಟರೆ ಅದು ಅಳತೆ ನೋಡಿ ನಡುವಿಗೆ ಕತ್ತರಿಸುತ್ತದೆ. ‘ನಿನ್ನೆ ರಾತ್ರಿ ಬಂದ’ ಎಂದು ಮೇಲೆ, ‘ಹುಡುಗ ಎಲ್ಲಿ?’ ಎಂದು ಕೆಳಗೆ ಬಂದರೆ, ಓದುಗ ಮೇಲಿನ ಸಾಲಿನಲ್ಲೇ ಒಂದು ಪೂರ್ತಿ ವಾಕ್ಯ ಓದಿ, ಯಾರೋ ಬಂದ ಎಂದು ತಿಳಿದು, ಕೆಳಗಿಳಿದಾಗ ಎಡವಿ ಹಿಂದಕ್ಕೆ ಹೋಗುತ್ತಾನೆ. ಆ ಎಡವುವಿಕೆಗೆ ಹೋಗುವ ಹೊತ್ತು ಯಾವ ಅಂಕಿಯಲ್ಲೂ ಕಾಣುವುದಿಲ್ಲ. ‘ಬಂದ ಹುಡುಗ’ ಒಟ್ಟಿಗಿರಬೇಕು. ‘-ಇ’, ‘-ಉ’ ಎಂದು ಮುಗಿಯುವ ‘ಹೋಗಿ’, ‘ಬಂದು’ಗಳ ಬಳಿಕ, ‘ಅಂತ’ದ ಬಳಿಕ, ‘-ರೆ’ ಎಂದು ಮುಗಿದ ಷರತ್ತಿನ ಬಳಿಕ ಮುರಿದರೆ ಕಣ್ಣು ಸಲೀಸಾಗಿ ಇಳಿಯುತ್ತದೆ.

ಮಕ್ಕಳ ಕಾರ್ಯಕ್ರಮಗಳಲ್ಲಿ ಇದೆಲ್ಲ ಇನ್ನೂ ಬಿಗಿಯಾಗಬೇಕು. ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಬೆಂಗಳೂರಿನಲ್ಲಿ ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ನಮ್ಮ ಮಕ್ಕಳಿಗೆ ಅಕ್ಷರಮಾಲೆ ಪೂರ್ತಿ ಕೈಗೆ ಬರಲು ಇಂಗ್ಲಿಷ್ ವರ್ಣಮಾಲೆಗಿಂತ ಬಹಳ ಹೆಚ್ಚು ಕಾಲ ಬೇಕು ಎಂದು ತೋರಿಸಿತು. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಗುರುತಿಸಬೇಕಾದ ರೂಪಗಳು ನೂರಾರು. ಆ ಕಲಿಕೆ ಮೊದಲ ತರಗತಿಗಳಲ್ಲೇ ಮುಗಿಯುವುದಿಲ್ಲ. ಎಂಟು ವರ್ಷದ ಮಗುವಿಗೆ ‘ಅಂದ್ಕೊಂಡಿದ್ರಾ’ ಎಂಬಂಥ, ಉಳಿತಾಯಕ್ಕೆಂದು ಒತ್ತು ತುಂಬಿದ ರೂಪ ದೊಡ್ಡವರಿಗಿಂತ ಕಷ್ಟ. ದೊಡ್ಡವರಿಗೆ ಹೊತ್ತು ಉಳಿಸುವ ಉಪಾಯವೇ ಮಕ್ಕಳ ಕಣ್ಣನ್ನು ನಿಲ್ಲಿಸಬಹುದು. ಅಲ್ಲಿ ‘ಅಂದುಕೊಂಡ್ರಾ’ ಎಂದು ಬಿಡಿಸಿ ಬರೆದು, ಬೇರೆ ಪದವನ್ನು ಬಿಡುವುದು ಒಳ್ಳೆಯದು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಬರೆದವರಲ್ಲದ, ಕಥೆ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ, ಧ್ವನಿ ಅಡಗಿಸಿ, ಎಲ್ಲೂ ನಿಲ್ಲಿಸದೆ ಹತ್ತು ನಿಮಿಷ ತೋರಿಸಬೇಕು. ಆಮೇಲೆ ಮಾತು ಏನಾಯಿತು ಎಂದು ಕೇಳುವ ಬದಲು ಮೇಜಿನ ಮೇಲೆ ಏನಿತ್ತು, ಹಿಂದೆ ಯಾರು ನಿಂತಿದ್ದರು ಎಂದು ಕೇಳಬೇಕು. ಮಾತೆಲ್ಲ ಹೇಳಿ, ಕಡತ ಎಸೆದದ್ದನ್ನು ನೋಡಲೇ ಇಲ್ಲವೆಂದರೆ, ಓದು ಮಿತಿಯೊಳಗಿದ್ದರೂ ಚಿತ್ರವನ್ನು ನುಂಗಿದೆ ಎಂದರ್ಥ. ಬರೆದವರೇ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಅವರಿಗೆ ಸಾಲು ಬಾಯಿಪಾಠವಾಗಿರುತ್ತದೆ.

ಇಷ್ಟೆಲ್ಲ ಜಾಣ್ಮೆಗೂ ಒಂದು ಬೀಗ ಅಡ್ಡ ಬರುತ್ತದೆ. ಹಲವು ಭಾಷೆಗಳಿಗೆ ಒಟ್ಟಿಗೆ ಸಬ್‌ಟೈಟಲ್ ಮಾಡಿಸುವವರು ಸಾಮಾನ್ಯವಾಗಿ ಇಂಗ್ಲಿಷಿನ ಒಂದು ‘ಟೆಂಪ್ಲೇಟ್’ ಸಿದ್ಧಮಾಡಿ, ಅದರ ಹೊತ್ತುಗಳನ್ನು ಕಟ್ಟಿಹಾಕಿ ಎಲ್ಲ ಭಾಷೆಯವರಿಗೂ ಕೊಡುತ್ತಾರೆ. ನೂರಾರು ಗಂಟೆಗಳ ಕಾರ್ಯಕ್ರಮವನ್ನು ನಿಭಾಯಿಸಲು ಅದು ಅನುಕೂಲ. ಆದರೆ ಆ 2.1 ಸೆಕೆಂಡು ಇಂಗ್ಲಿಷಿನ 41 ಅಕ್ಷರಕ್ಕೆ ಕತ್ತರಿಸಿದ್ದು. ಬೀಗ ಹಾಕಿದ ಟೆಂಪ್ಲೇಟಿನಲ್ಲಿ ಕನ್ನಡದವರು ಹಿಂದಿನ ಚಿಕ್ಕ ಮಾತಿನೊಂದಿಗೆ ಸೇರಿಸುವಂತಿಲ್ಲ, ಮುಂದಿನ ಮೌನದಿಂದ ಕಾಲು ಸೆಕೆಂಡು ಎರವಲು ಪಡೆಯುವಂತಿಲ್ಲ. ಉಳಿಯುವುದು ಕತ್ತರಿ ಮಾತ್ರ. ವಕೀಲೆಯ ಮಾತಿನಂತೆ ಎಲ್ಲ ಮಾತೂ ಕತ್ತರಿಗೆ ಒಗ್ಗುವುದಿಲ್ಲ. ಬಿಡುವಿಲ್ಲದೆ ಮಾತಾಡುವ ಭಾಷಣದಲ್ಲಿ, ಹೆಸರು ಅಂಕಿಗಳು ತುಂಬಿದ ಸಾಕ್ಷ್ಯಚಿತ್ರದಲ್ಲಿ ಕತ್ತರಿಸಿದ್ದೆಲ್ಲ ಅರ್ಥವೇ.

ಕನ್ನಡದಲ್ಲಿ ಸಬ್‌ಟೈಟಲ್ ಮಾಡಿಸುವ ಸಂಸ್ಥೆಗಳು ಎರಡು ಕೆಲಸ ಮಾಡಬೇಕು. ಹೊತ್ತಿನ ಬೀಗ ತೆಗೆದು, ಎರಡು ಸಬ್‌ಟೈಟಲುಗಳನ್ನು ಸೇರಿಸುವ, ಬೇರ್ಪಡಿಸುವ, ಎಳೆಯುವ ಅಧಿಕಾರವನ್ನು ಕನ್ನಡದಲ್ಲಿ ಬರೆಯುವವರ ಕೈಗೆ ಕೊಡಬೇಕು. ವೇಗದ ಮಿತಿಯನ್ನು ಇಂಗ್ಲಿಷಿನಿಂದ ಎರವಲು ತರದೆ, ರಾಯಚೂರಿನಲ್ಲೂ ಮಂಗಳೂರಿನಲ್ಲೂ ಕನ್ನಡ ಓದುಗರನ್ನೇ ಕೂರಿಸಿ, ಯೂನಿಕೋಡ್ ಚಿಹ್ನೆಗಳನ್ನಲ್ಲದೆ ಅಕ್ಷರಗಳನ್ನೂ ಎಣಿಸಿ, ಕನ್ನಡಕ್ಕೆಂದೇ ನಿಗದಿ ಮಾಡಬೇಕು.